ನನ್ನ ಹೆಸರಿನ ಮೇಲೆ ಗೆಳತಿಯ ಮುಖ

ಎಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು. ನಾನು ಕೊಟ್ಟೂರಿನಲ್ಲಿ ಒಂಬತ್ತನೇ ತರಗತಿ ಓದುತ್ತಿದ್ದೆ. ಅಪ್ಪ ಕೂಡ್ಲಿಗಿಯ ತಾಲ್ಲೂಕು ಆಫೀಸಿನಲ್ಲಿ ಜವಾನರು, ದಿನಾ ಬಸ್ಸಿನಲ್ಲಿ ಹೋಗಿಬರುತ್ತಿದ್ದರು. ನನ್ನ ಪಕ್ಕ ಕೂರುತ್ತಿದ್ದ ಗೆಳತಿ ಚಿಗಟೇರಿ ಕಡೆಯವಳು. ಅವಳ ಮನೆಯವರದು ಹೊಲ ಮತ್ತು ಕುರಿ ಹಿಂಡು. ಅವಳು ಕೊಟ್ಟೂರಿನ ಸೋದರತ್ತೆಯ ಮನೆಯಲ್ಲಿದ್ದು ಓದುತ್ತಿದ್ದಳು. ಕುರಿಯ ಹಿಂದೆ ಓಡಿದ ಕಾಲುಗಳು. ಖೋಖೋದಲ್ಲಿ ಅವಳನ್ನು ಮುಟ್ಟಿದವರಿರಲಿಲ್ಲ.

ಆ ವರ್ಷ ನಾವಿಬ್ಬರೂ ಶಾಲೆಯ ತಂಡಕ್ಕೆ ಆಯ್ಕೆಯಾದೆವು. ಹಡಗಲಿಯಲ್ಲಿ ಪಂದ್ಯ. ಅಲ್ಲಿ ಚೆನ್ನಾಗಿ ಆಡಿದವರನ್ನು ಜಿಲ್ಲಾ ತಂಡಕ್ಕೆ ಆರಿಸುತ್ತಾರೆಂದು ಪಿ.ಟಿ. ಮಾಸ್ತರು ಹೇಳಿದ್ದರು. ಹೊರಡುವ ಹಿಂದಿನ ದಿನ ಮಧ್ಯಾಹ್ನ, ಊಟದ ಬಿಡುವಿನಲ್ಲಿ, ನೋಟಿಸ್ ಬೋರ್ಡಿಗೆ ತಂಡದ ಪಟ್ಟಿ ಹಾಕಿದ್ದಾರೆ ಎಂಬ ಸುದ್ದಿ ಬಂತು. ಇಬ್ಬರೂ ಅರ್ಧ ರೊಟ್ಟಿ ಬಿಟ್ಟು ಓಡಿದೆವು.

ಹಸಿರು ಬಟ್ಟೆ ಹೊದಿಸಿದ ಹಲಗೆಯ ಮೇಲೆ ಹನ್ನೆರಡು ಫೋಟೋ, ಒಂದೊಂದಕ್ಕೂ ಒಂದು ಗುಂಡುಪಿನ್ನು, ಕೆಳಗೆ ಹೆಸರಿನ ಚೀಟಿ. ನನ್ನ ಹೆಸರು ಕಂಡು ಎದೆ ಹಿಗ್ಗಿತು. ಮೇಲೆ ನೋಡಿದರೆ ಗೆಳತಿಯ ಮುಖ.

"ಲೇ, ನಾನು ನೀನಾಗೀನಿ ನೋಡು," ಎಂದು ಅವಳು ನಕ್ಕಳು. ಅವಳ ಹೆಸರಿನ ಮೇಲೆ ನಾನು ಗಾಬರಿಬಿದ್ದ ಕಣ್ಣು ಬಿಟ್ಟುಕೊಂಡು ಕೂತಿದ್ದೆ. ನಿಜ ಹೇಳಬೇಕೆಂದರೆ, ನನ್ನ ಹೆಸರಿಗೆ ಅಷ್ಟು ಚೆಂದದ ಮುಖ ಬಂದದ್ದು ಒಂದು ಕ್ಷಣ ಖುಷಿಯನ್ನೇ ಕೊಟ್ಟಿತು.

ಅವಳು ಆಗಲೇ ಪಿನ್ನು ಕಿತ್ತು ಎರಡನ್ನೂ ಅದಲುಬದಲು ಮಾಡಿದ್ದಳು. "ಆತು, ಸರಿ ಹೋತು."

"ಇಲ್ಲಿ ಸರಿ ಹೋತು. ಫಾರ್ಮಿನ್ಯಾಗ?" ಎಂದೆ.

ಅವಳ ನಗು ನಿಂತಿತು. ಹಡಗಲಿಗೆ ಒಯ್ಯುವ ವಯಸ್ಸಿನ ಫಾರ್ಮಿಗೂ ಇದೇ ಫೋಟೋದ ಪ್ರತಿ ಅಂಟಿಸುತ್ತಿದ್ದರು. ವಯಸ್ಸು ಮೀರಿದವರನ್ನು ಬೇರೆ ಹೆಸರಿನಲ್ಲಿ ಆಡಿಸುವ ಮೋಸ ಆಗ ನಡೆಯುತ್ತಿತ್ತು. ಅದಕ್ಕೇ ಮೈದಾನದಲ್ಲಿ ಫೋಟೋವನ್ನೂ ಮುಖವನ್ನೂ ಹೋಲಿಸಿಯೇ ಒಳಗೆ ಬಿಡುತ್ತಿದ್ದರು.

ಗುಮಾಸ್ತರ ಕೋಣೆಗೆ ಓಡಿದೆವು. ಅವರು ಬೇಸರದಿಂದ ಲಕೋಟೆ ಬಿಚ್ಚಿದರು. ಅಂದುಕೊಂಡಂತೆಯೇ ಆಗಿತ್ತು. ಅಲ್ಲಿ ಪಿನ್ನಿರಲಿಲ್ಲ, ಗೋಂದಿನಲ್ಲಿ ಅಂಟಿಸಿದ್ದರು. ಹೆಡ್‌ಮಾಸ್ತರ ಸಹಿ ಅರ್ಧ ಫೋಟೋದ ಮೇಲೆ, ಅರ್ಧ ಕಾಗದದ ಮೇಲೆ. ದುಂಡು ಸೀಲೂ ಹಾಗೆಯೇ. ಫೋಟೋ ಕಿತ್ತು ಬೇರೆಡೆ ಹಚ್ಚಿದರೆ ಸಹಿಯ ಎರಡು ಹೋಳು ಕೂಡುವುದಿಲ್ಲ ಎಂಬುದು ಅಪ್ಪನ ಬಾಯಿಂದ ಕೇಳಿ ನನಗೆ ಗೊತ್ತಿತ್ತು.

"ಸ್ಟುಡಿಯೋದವ್ರು ಕವರಿನ ಮ್ಯಾಲೆ ಹೆಸರು ಬರದು ಕೊಟ್ಟಿದ್ರು. ಅದನ್ನ ನೋಡಿ ಅಂಟಿಸೀನಿ," ಎಂದರು ಗುಮಾಸ್ತರು. "ಎಲ್ಲಾರ್ದೂ ಎರಡು ಜಡಿ, ಬಿಳೇ ರಿಬ್ಬನ್. ನನಗೇನು ಗೊತ್ತಾಗ್ಬೇಕು?"

ನಮ್ಮ ಮುಖ ಚೆನ್ನಾಗಿ ಬಲ್ಲ ಪಿ.ಟಿ. ಮಾಸ್ತರು ಅಂದೇ ಬೆಳಿಗ್ಗೆ ಹಡಗಲಿಗೆ ಹೋಗಿದ್ದರು. ಹೆಡ್‌ಮಾಸ್ತರು ವರ್ಗವಾಗಿ ಬಂದು ತಿಂಗಳೂ ಆಗಿರಲಿಲ್ಲ. ಗುಮಾಸ್ತರು ನಮ್ಮನ್ನು ಅವರ ಮುಂದೆಯೇ ನಿಲ್ಲಿಸಿದರು. ಅವರು ಕನ್ನಡಕ ಏರಿಸಿ ಗೆಳತಿಯ ಫಾರ್ಮು ಓದಿದರು. ಗುರುತಿನ ಚಿಹ್ನೆ: ಬಲಗೆನ್ನೆಯ ಮೇಲೆ ಕಪ್ಪು ಮಚ್ಚೆ. ಅವಳ ಕೆನ್ನೆ ನೋಡಿದರು. ಮಚ್ಚೆ ಇತ್ತು. ಎರಡೂ ಫೋಟೋ ನೋಡಿದರು. ಎರಡರಲ್ಲೂ ಇರಲಿಲ್ಲ.

"ನಿನ್ನ ಫೋಟೋದಾಗೂ ಮಚ್ಚಿ ಇಲ್ಲಲ್ಲಮ್ಮ. ನಾಳೆ ಅವ್ರು ಇದನ್ನ ಕೇಳ್ತಾರ," ಎಂದರು. "ಮಚ್ಚಿ ಕಾಣೋ ಫೋಟೋ ತರ್ರಿ, ಹೊಸ ಫಾರ್ಮು ಮಾಡಿಕೊಡ್ತೀನಿ. ಐದು ಗಂಟಿಗೆ ನಾನು ಹೊರಡ್ತೀನಿ."

ಆಗ ಎರಡೂವರೆ. ಮಂಡಕ್ಕಿ ಭಟ್ಟಿಯ ಹೊಗೆ ದಾಟಿ, ಬಸ್ ಸ್ಟ್ಯಾಂಡಿನ ಹಿಂದಿನ ಸ್ಟುಡಿಯೋ ಮುಟ್ಟುವಷ್ಟರಲ್ಲಿ ನನ್ನ ಒಂದು ಚಪ್ಪಲಿಯ ಉಂಗುಟ ಕಿತ್ತಿತ್ತು. ಅದನ್ನು ಕೈಯಲ್ಲಿ ಹಿಡಿದೇ ಒಳಗೆ ಹೋದೆ.

ಸ್ಟುಡಿಯೋದ ಯಜಮಾನರು ಸಾವಧಾನದ ಮನುಷ್ಯರು. ಪುಸ್ತಕ ತೆಗೆದರು. ಎಂಟನೇ ನಂಬರಿಗೆ ಗೆಳತಿಯ ಹೆಸರು, ಒಂಬತ್ತಕ್ಕೆ ನನ್ನದು. ಕಾಗದದ ಕವರಿನಿಂದ ನೆಗೆಟಿವ್ ಪಟ್ಟಿ ಎಳೆದು ಬಲ್ಬಿಗೆ ಹಿಡಿದರು. ಅಂಚಿನಲ್ಲಿ ಅಚ್ಚಾಗಿದ್ದ ಎಂಟರ ಪಕ್ಕ ಕಪ್ಪು ಹಲ್ಲು, ಬಿಳಿ ಕೂದಲಿನ ನಾನು ಇದ್ದೆ.

"ಹೆಸರು ಮದ್ಲು ಬರಕೊಂಡೀನಿ. ಕುಂದರೋವಾಗ ನೀವು ಹಿಂದುಮುಂದಾಗೀರಿ," ಎಂದರು.

ಆಗ ನೆನಪಾಯಿತು. ಫೋಟೋ ತೆಗೆಸಿದ ದಿನ ದೊಡ್ಡ ದೀಪ ಹಚ್ಚಿದಾಗ ಗೆಳತಿ ಹೆದರಿ, "ಮದ್ಲು ನೀನು ಕುಂದ್ರು," ಎಂದು ನನ್ನನ್ನು ಸ್ಟೂಲಿಗೆ ತಳ್ಳಿದ್ದಳು.

"ನನ್ನ ಮಚ್ಚಿ ಎಲ್ಲಿ ಹೋತ್ರಿ?" ಎಂದು ಅವಳು ಕೇಳಿದಳು.

ಅವರು ನಾಚಿದರು. "ಚಂದ ಕಾಣ್ಲಿ ಅಂತ ನಾನೇ ತಗದೀನಿ, ತಂಗಿ." ನೆಗೆಟಿವನ್ನು ಓರೆಯಾಗಿ ಹಿಡಿದು ತೋರಿಸಿದರು. ಮಚ್ಚೆ ಕಪ್ಪಾದ್ದರಿಂದ ನೆಗೆಟಿವ್‌ನಲ್ಲಿ ಅದು ತಿಳಿಯಾದ ಚುಕ್ಕೆ. ಆ ಚುಕ್ಕೆಯ ಮೇಲೆ ಚೂಪಾದ ಪೆನ್ಸಿಲಿನಿಂದ ಸಣ್ಣ ಸಣ್ಣ ಗೆರೆ ಎಳೆದು ತುಂಬಿದರೆ ಅಲ್ಲಿ ಬೆಳಕು ಹಾಯುವುದಿಲ್ಲ, ಕಾಗದದ ಮೇಲೆ ಕೆನ್ನೆ ಬೆಳ್ಳಗೆ ಬರುತ್ತದೆ.

"ನನಗ ಮಚ್ಚಿ ಬೇಕ್ರಿ. ಅದಿಲ್ಲಂದ್ರ ಆಡಾಕ ಬಿಡಂಗಿಲ್ಲ."

ಹತ್ತಿಗೆ ಟರ್ಪೆಂಟೈನ್ ಎಣ್ಣೆ ಹನಿಸಿ, ಉಸಿರು ಬಿಗಿಹಿಡಿದು, ಅವರು ಆ ಜಾಗವನ್ನು ಒರೆಸಿದರು. ಪೆನ್ಸಿಲ್ ಗೆರೆ ಹೋಯಿತು. ನಾವು ಬೇಡಿಕೊಂಡದ್ದಕ್ಕೆ ಕತ್ತಲೆಕೋಣೆಯೊಳಗೂ ಬಿಟ್ಟುಕೊಂಡರು. ಕೆಂಪು ಬಲ್ಬು, ಹುಳಿ ವಾಸನೆ, ಮೂರು ತಟ್ಟೆ. ನೆಗೆಟಿವನ್ನು ಕಾಗದದ ಮೇಲೆ ದೊಡ್ಡದಾಗಿ ಬೀಳಿಸುವ ಎನ್ಲಾರ್ಜರಿನ ದೀಪ ಹಚ್ಚಿ ಐದು ಎಣಿಸಿ ಆರಿಸಿದರು. ಬೆಳಕು ಬಿದ್ದ ಕಾಗದ ಇನ್ನೂ ಖಾಲಿ. ಅದನ್ನು ಮೊದಲ ತಟ್ಟೆಯ ದ್ರವಕ್ಕೆ ಜಾರಿಸಿ ಅಲ್ಲಾಡಿಸಿದರು. ಮೊದಲು ಜಡೆ, ಆಮೇಲೆ ಕಣ್ಣು, ಆಮೇಲೆ ತುಟಿ ಮೂಡಿದವು. ಗೆಳತಿ ನನ್ನ ರಟ್ಟೆ ಹಿಂಡಿದಳು.

"ಬಂತಲೇ, ಬಂತು."

ಬಲಗೆನ್ನೆಯ ಮೇಲೆ ಎಳ್ಳಿನಷ್ಟು ಕಪ್ಪು. ಕಾಗದ ಇನ್ನೂ ಕಪ್ಪಾಗದಂತೆ ನೀರಿನ ತಟ್ಟೆಗೆ ಅದ್ದಿ, ಚಿತ್ರ ನಿಲ್ಲಲೆಂದು ಹೈಪೋ ದ್ರಾವಣಕ್ಕೆ ಹಾಕಿದರು. ನನ್ನದೂ ಆಯಿತು. ನಲ್ಲಿಯ ಕೆಳಗೆ ತೊಳೆಯುವಾಗ ನಾನು ಗಡಿಯಾರವನ್ನೇ ನೋಡುತ್ತಿದ್ದೆ. "ಸರಿಯಾಗಿ ತೊಳೀಲಿಲ್ಲಂದ್ರ ವರ್ಷದಾಗ ಹಳದಿ ಆಗ್ತಾವು," ಎಂದು ಅವರು ಅವಸರ ಮಾಡಲಿಲ್ಲ. ಕೊನೆಗೆ ಕನ್ನಡಿಯಂತೆ ಹೊಳೆಯುವ ಬಿಸಿ ತಗಡಿನ ಮೇಲೆ ಬೋರಲು ಹಾಕಿ ರೋಲರ್ ಎಳೆದರು. ಒಣಗಿದ ಫೋಟೋಗಳು ಚಟಚಟ ಎಂದು ತಾವೇ ಎದ್ದವು.

ಶಾಲೆ ಮುಟ್ಟಿದಾಗ ಹೆಡ್‌ಮಾಸ್ತರು ಸೈಕಲ್ ಸ್ಟ್ಯಾಂಡ್ ತೆಗೆಯುತ್ತಿದ್ದರು. ಸೈಕಲ್ಲನ್ನು ಮತ್ತೆ ನಿಲ್ಲಿಸಿ ಒಳಗೆ ಬಂದರು. ಗುಮಾಸ್ತರು ದಾಖಲಾತಿ ಪುಸ್ತಕ ನೋಡಿ ಹುಟ್ಟಿದ ತಾರೀಖು, ಗುರುತು ಹೊಸದಾಗಿ ಬರೆದರು. ಅಂಟಿಸುವ ಮೊದಲು ಒಂದೊಂದು ಫೋಟೋವನ್ನೂ ನಮ್ಮ ಮುಖದ ಪಕ್ಕ ಹಿಡಿದರು. ಸಹಿ, ಸೀಲು. ಹಳೆಯ ಎರಡಕ್ಕೂ ಅಡ್ಡಗೆರೆ ಎಳೆದು 'ರದ್ದು' ಎಂದು ಬರೆದು ಕಡತಕ್ಕೆ ಹಾಕಿದರು.

ಮರುದಿನ ಹಗರಿಬೊಮ್ಮನಹಳ್ಳಿಯಲ್ಲಿ ಬಸ್ಸು ಬದಲಿಸಿ ಹಡಗಲಿಗೆ ಹೋದೆವು. ಸುಣ್ಣದ ಗೆರೆ ಎಳೆದ ಮೈದಾನದ ಅಂಚಿಗೆ ಮೇಜು ಹಾಕಿದ್ದರು. ನಮ್ಮ ಮುಂದಿದ್ದ ಬೇರೆ ಶಾಲೆಯ ಹುಡುಗಿಯೊಬ್ಬಳ ಫೋಟೋ ಹೊಂದಲಿಲ್ಲವೆಂದು ಅವಳನ್ನು ಪಕ್ಕಕ್ಕೆ ನಿಲ್ಲಿಸಿದರು. ಮೇಜಿನವರು ಗೆಳತಿಯ ಫಾರ್ಮು ಎತ್ತಿ, "ಕೆನ್ನಿ ತಿರುವಮ್ಮ," ಎಂದರು. ಅವಳು ತಿರುಗಿಸಿದಳು.

"ನಡೀ, ಆಡು."

ಅವಳು ಆಡಿದ ಆಟವನ್ನು ನಾನು ಇವತ್ತಿಗೂ ಮರೆತಿಲ್ಲ. ಅಟ್ಟುವವರು ಕೈ ಚಾಚಿದಲ್ಲೆಲ್ಲ ಅವಳ ಲಂಗದ ಗಾಳಿ ಮಾತ್ರ ಸಿಗುತ್ತಿತ್ತು. ಮೊದಲ ಪಂದ್ಯ ಗೆದ್ದು ಎರಡನೆಯದನ್ನು ಸೋತೆವು. ಸಂಜೆ ಬಳ್ಳಾರಿ ಜಿಲ್ಲಾ ತಂಡದ ಹೆಸರುಗಳನ್ನು ಓದಿದಾಗ ಅವಳ ಹೆಸರಿತ್ತು, ನನ್ನದಿರಲಿಲ್ಲ. ಹೊಟ್ಟೆಕಿಚ್ಚಾಯಿತು, ಸುಳ್ಳು ಹೇಳಲಾರೆ. ಆದರೆ ಅವಳು ಗುಂಪು ಸೀಳಿಕೊಂಡು ಬಂದು, "ಬಳ್ಳಾರಿಗೆ ನಾನೊಬ್ಬಾಕಿನಾ ಹೆಂಗ ಹೋಗ್ಲಿ?" ಎಂದು ನನ್ನ ಎರಡೂ ಕೈ ಹಿಡಿದಾಗ, ಅವಳಿಗಿಂತ ಜೋರಾಗಿ ಕುಣಿದವಳು ನಾನೇ.