ಕೋಮಲ ಇಳಿಸದ ದರ

ಹದಿನಾರು ಎಂಬ ಹಳ್ಳಿಯ ಕೋಮಲ ವ್ಯಾಪಾರ ಮಾಡುತ್ತಾಳೆಂದರೆ ನಂಬದವರೇ ಹೆಚ್ಚು. ಹಗಲೆಲ್ಲ ತಿ. ನರಸೀಪುರದ ಜೆರಾಕ್ಸ್ ಅಂಗಡಿಯಲ್ಲಿ ಟೈಪಿಂಗ್ ಕೆಲಸ. ಬಸ್ಸಿನಲ್ಲಿ, ಮನೆಯಲ್ಲಿ ಸಿಕ್ಕ ಹೊತ್ತಿನಲ್ಲಿ ಮೊಬೈಲಿನೊಳಗೇ ಟೀ ಶರ್ಟು, ಕಾಫಿ ಮಗ್ಗುಗಳ ಮಾರಾಟ. ಚಿತ್ರ ಅವಳದು, ಅಂಗಿ ತಿರುಪ್ಪೂರಿನ ಕಂಪನಿಯದು. ಗಿರಾಕಿ ದುಡ್ಡು ಕಟ್ಟಿದ ಮೇಲಷ್ಟೇ ಕಂಪನಿಯವರು ಆ ಒಂದು ಅಂಗಿಗೆ ಅಚ್ಚು ಹಾಕಿ, ಕೋಮಲಳ ಹೆಸರಿನಲ್ಲೇ ಕೊರಿಯರ್ ಮಾಡುತ್ತಾರೆ. ಮನೆಯಲ್ಲಿ ಮಾಲು ತುಂಬಿಟ್ಟುಕೊಳ್ಳುವ ಗೋಜಿಲ್ಲ.

ಕೇಳಲು ಸಲೀಸು. ಆದರೆ ಮೊದಲು ಹಾಕಿದ ಸಿನಿಮಾ ನಟರ ಮುಖಗಳನ್ನು, ಹಕ್ಕು ನಿಮ್ಮದಲ್ಲವೆಂದು ಕಂಪನಿ ವಾಪಸ್ ಕಳಿಸಿತು. ಮೊಬೈಲಿನಲ್ಲಿ ಚೆಂದ ಕಂಡ ಪುಟ್ಟ ಹೂವಿನ ಚಿತ್ರ ಅಂಗಿಯ ಮೇಲೆ ಹಿಗ್ಗಿ ಮಸುಕಾಯಿತು. ಇನ್ನೊಂದರಲ್ಲಿ ಹಿನ್ನೆಲೆ ತೆಗೆಯುವುದನ್ನು ಮರೆತು, ಕಪ್ಪು ಅಂಗಿಯ ಎದೆಗೆ ಬಿಳಿ ಚೌಕ ಬಂದು ಕೂತಿತು. ಕೋಮಲ ಅತ್ತಳು, ಆಮೇಲೆ ಕಲಿತಳು.

ಅವಳ ತಾಯಿ ಮುದ್ದಮ್ಮ ನಾಟಿ ಕೆಲಸದವಳು. ಸೀರೆಯ ಮೇಲೆ ಹಳೇ ಶರ್ಟು ತೊಟ್ಟು ಗದ್ದೆಗೆ ಹೊರಟವಳಿಗೆ ಬಿಸಿಲು ಜೋರಾಗಿದೆ ಎಂದರೆ, ‘ಬಿಸ್ಲಾ? ಬರ್ಲಿ ಬುಡು’ ಎಂದು ನಡೆದೇ ಬಿಡುವಳು. ಕೋಮಲ ಬಾಗಿ ಪೈರು ನೆಡುವ ಹೆಂಗಸರ ಸಾಲನ್ನು ಬಿಳಿ ಗೆರೆಗಳಲ್ಲಿ ದೊಡ್ಡದಾಗಿ ಬರೆದು, ಕೆಳಗೆ ಆ ಮಾತನ್ನೇ ಹಾಕಿದಳು. ಅದು ಹೋಯಿತು ನೋಡಿ! ಅವಳು ಕಂಡು ಕೇಳರಿಯದ ಊರುಗಳಿಂದ ಬೇಡಿಕೆ ಬಂತು.

ಮಾರುವ ಮೊದಲೇ ಇಬ್ಬರು ಸಪ್ಲೈಯರುಗಳಿಂದ ಸ್ಯಾಂಪಲ್ ತರಿಸಿದ್ದಳು. ಎರಡೂ ಅಂಗಿಗಳನ್ನು ಸರದಿಯ ಮೇಲೆ ತಾಯಿಗೆ ತೊಡಿಸಿ ಗದ್ದೆಗೆ ಕಳಿಸಿದಳು. ಸಂಜೆ ಒಗೆಯುವ ಕಲ್ಲಿನ ಮೇಲೆ ಮುದ್ದಮ್ಮನ ಕೈಗೆ ಸಿಕ್ಕ ಬಟ್ಟೆಯ ಪಾಡು ಹೇಳಬೇಕೆ. ಅಗ್ಗದವರ ಅಚ್ಚು ಕೆಲವೇ ಒಗೆತಕ್ಕೆ ಬಿರುಕು ಬಿಟ್ಟಿತು. ಅವರ ಮಗ್ಗೂ ಹಿಡಿ ಮುರಿದುಕೊಂಡೇ ಬಂದಿತ್ತು. ದುಬಾರಿಯವರಾದ ತಿರುಪ್ಪೂರಿನವರ ಮಗ್ಗು ಥರ್ಮಾಕೋಲಿನೊಳಗೆ ಭದ್ರವಾಗಿತ್ತು, ಅಂಗಿಯೂ ಜಪ್ಪಯ್ಯ ಅನ್ನಲಿಲ್ಲ. ಕೋಮಲ ಅವರನ್ನೇ ಹಿಡಿದಳು.

ಅಂಗಿಯ ದರ ಐನೂರ ನಲವತ್ತೊಂಬತ್ತು. ಬಟ್ಟೆ, ಅಚ್ಚು, ತೆರಿಗೆ, ಕೊರಿಯರ್, ಜಾಹೀರಾತು ಎಲ್ಲ ಕಳೆದರೆ ನೂರ ಮೂವತ್ತರ ಹತ್ತಿರ ಉಳಿಯುತ್ತದೆ. ನಡುನಡುವೆ ವಾಪಸ್ ಬರುವ ಅಂಗಿ ಅದರಲ್ಲೂ ತಿನ್ನುತ್ತದೆ. ಲಕ್ಷಾಧೀಶ್ವರಿಯಾಗುವ ಲೆಕ್ಕವಲ್ಲ, ಆದರೂ ಅವಳ ಕೆಲಸಕ್ಕೆ ಸಿಕ್ಕುವ ಕೂಲಿ ಅದೇ.

ಹೀಗಿರುವಾಗ ಮುದ್ದಮ್ಮನ ತಮ್ಮ ಚೆಲುವರಾಜು ಬಂದ. ಅವನ ಕಬಡ್ಡಿ ತಂಡಕ್ಕೆ ಮೂವತ್ತು ಅಂಗಿ ಬೇಕು, ಅದೂ ಅಸಲಿಗೆ. ಒಂದೇ ಚಿತ್ರದ ಮೂವತ್ತು ಬೇಕಾದರೆ ಮೈಸೂರಿನ ಸ್ಕ್ರೀನ್ ಪ್ರಿಂಟಿಂಗಿನವರ ಹತ್ತಿರ ಅಗ್ಗವಾಗುತ್ತದೆ, ತನ್ನದು ಬಿಡಿ ಬಿಡಿಯಾಗಿ ಅಚ್ಚು ಹಾಕಿಸುವ ವ್ಯಾಪಾರ ಎಂದು ಕೋಮಲ ನೇರವಾಗಿ ಹೇಳಿ, ವಿಳಾಸವನ್ನೂ ಕೊಟ್ಟಳು. ಅವನಿಗೆ ಅದು ಬೇಡ. ಆ ಅಗ್ಗದ ಕಂಪನಿಯಿಂದಲೇ ತರಿಸು, ನಿನ್ನ ಲಾಭ ಬಿಡು ಎಂದ.

“ಅಚ್ಚು ನಿಲ್ಲಲ್ಲ ಮಾವ. ನನ್ ಹೆಸ್ರಲ್ಲಿ ಅದನ್ನ ಕೊಡಕಾಗಲ್ಲ.”

“ಅಕ್ಕ, ನಿನ್ ಮಗ್ಳು ನಮ್ಮೋರು ತಮ್ಮೋರು ಅನ್ನೋದ್ನೇ ಮರ್ತವ್ಳೆ ಕಣವ್ವ,” ಎಂದು ಚೆಲುವರಾಜು ಕಾಫಿ ಮುಟ್ಟದೆ ಎದ್ದು ಹೋದ.

ಮುದ್ದಮ್ಮ ಅವನ ಲೋಟವನ್ನು ಒಳಗೊಯ್ದಳು. ಅವಳ ತವರಿನಲ್ಲಿ ಉಳಿದವನು ಇವನೊಬ್ಬನೇ. ಅಂದಿನಿಂದ ಅವನು ಆ ಕಡೆ ತಲೆ ಹಾಕಲಿಲ್ಲ, ಮುದ್ದಮ್ಮನೂ ಮಗಳೊಡನೆ ಬೇಕಾದಷ್ಟೇ ಮಾತಾಡಿದಳು. ಕೋಮಲಳ ಜೀವ ಹಿಂಡಿತು. ನೂರು ರೂಪಾಯಿಯ ಲಾಭಕ್ಕೆ ಅವ್ವನನ್ನು ಕಳೆದುಕೊಂಡೆನೇ ಎಂದು ಮಾವನಿಗೆ ಫೋನ್ ಮಾಡಿ ಒಪ್ಪಿಕೊಳ್ಳಲೂ ಹೊರಟಿದ್ದಳು.

ಅಂಥ ಒಂದು ಭಾನುವಾರ ಮುದ್ದಮ್ಮ ತನ್ನ ನಾಟಿ ಗುಂಪಿನ ಹೆಂಗಸರನ್ನು ಕರೆದುಕೊಂಡು ಬಂದು ಪಡಸಾಲೆಯಲ್ಲಿ ಕೂರಿಸಿದಳು. ಗುತ್ತಿಗೆ ನಾಟಿಗೆ ಹೋಗುವಾಗ ಆರು ಜನಕ್ಕೂ ಆ ‘ಬರ್ಲಿ ಬುಡು’ ಅಂಗಿಯೇ ಬೇಕಂತೆ. ಸೆರಗಿನ ಗಂಟು ಬಿಚ್ಚಿ ಎಲ್ಲರ ದುಡ್ಡನ್ನೂ ಮಗಳ ಮುಂದಿಟ್ಟಳು. ಕೋಮಲಳ ಕಣ್ಣು ತುಂಬಿ ಬಂತು. ಲಾಭ ಬೇಡವವ್ವ, ಅಸಲು ಸಾಕು ಎಂದು ನೋಟುಗಳನ್ನು ಹಿಂದಕ್ಕೆ ತಳ್ಳಿದಳು.

ಮುದ್ದಮ್ಮ ಅವಳ ಕೈ ಹಿಡಿದು ನಿಲ್ಲಿಸಿದಳು.

“ನಮ್ಮೋರು ಅಂತ ಗದ್ದೆಯೋರು ಕೂಲಿ ಮುರ್ಕಂಡ್ರೆ ನಾವ್ ಸುಮ್ನಿರ್ತೀವಾ? ನನ್ ತಮ್ಮನ್ಗೂ ನಿನ್ನೆ ಇದ್ನೇ ಯೋಳಿ ಬಂದೆ. ಪೂರ್ತಿ ಇಸ್ಕೊ ಮಗ.”

ಆರು ಅಂಗಿ ಒಂದೇ ಪಾರ್ಸಲಿನಲ್ಲಿ ಬರುವುದರಿಂದ ಕೊರಿಯರಿನಲ್ಲಿ ಉಳಿಯುವುದನ್ನು ಮಾತ್ರ ಕೋಮಲ ವಾಪಸ್ ಕೊಟ್ಟಳು. ಅದು ನ್ಯಾಯದ್ದು ಎಂದು ಹೆಂಗಸರೂ ಒಪ್ಪಿದರು. ಅವರೆದುರೇ ಅವಳು ಆರ್ಡರ್ ಹಾಕಿದಳು. ಗಿರಾಕಿಯ ಹೆಸರು, ಊರು ಕೇಳಿದ ಕಡೆ ಹೆಮ್ಮೆಯಿಂದ ಟೈಪ್ ಮಾಡಿದಳು: ಮುದ್ದಮ್ಮ, ಹದಿನಾರು.