ಬೆಲ್ಲಮ್ಮನ ಅರ್ಜಿ, ಮೇಲಧಿಕಾರಿಗಳ ಮುಖಾಂತರ

ಆ ಕಚೇರಿಯಲ್ಲಿ ಅವಳನ್ನು ಎಲ್ಲರೂ ಬೆಲ್ಲಮ್ಮ ಎನ್ನುತ್ತಿದ್ದರು. ಬೆಲ್ಲದ ಸಿಹಿಗೂ ಈ ಹೆಸರಿಗೂ ಯಾವ ಸಂಬಂಧವೂ ಇರಲಿಲ್ಲ. ಸಾಹೇಬರು ಮೇಜಿನ ಮೇಲಿನ ಬೆಲ್ಲು ಬಾರಿಸಿದ ಕೂಡಲೇ ಎದ್ದು ಓಡಬೇಕಾದ ಅಟೆಂಡರ್ ಅವಳು, ಅಷ್ಟೇ. ಯಾರೋ ತಮಾಷೆಗೆ ಇಟ್ಟ ಹೆಸರು ಹಾಗೇ ಅಂಟಿಕೊಂಡಿತ್ತು.

ಅವಳ ಗಂಡ ಅದೇ ಕಚೇರಿಯಲ್ಲಿ ಗುಮಾಸ್ತನಾಗಿದ್ದ. ಅವನು ಹಠಾತ್ತನೆ ತೀರಿಕೊಂಡಾಗ ಅನುಕಂಪದ ಆಧಾರದ ಮೇಲೆ ಅವಳಿಗೆ ಕೆಲಸ ಸಿಕ್ಕಿತು. ಓದಿದ್ದು ಹತ್ತನೇ ತರಗತಿ ಮಾತ್ರ, ಹಾಗಾಗಿ ಅವಳ ಪಾಲಿಗೆ ಬಂದದ್ದು ಅಟೆಂಡರ್ ಹುದ್ದೆ. ಗಂಡ ಕೂತು ಬರೆಯುತ್ತಿದ್ದ ಮೇಜಿಗೇ ದಿನಾ ನೀರಿನ ಲೋಟ ಇಡಬೇಕಾಯಿತು. ಮೊದಮೊದಲು ಕಣ್ಣಲ್ಲಿ ನೀರು ಬರುತ್ತಿತ್ತು. ಆಮೇಲೆ ಛಲ ಹುಟ್ಟಿತು. ಮಗಳು ಶಾಲೆಯ ಪಾಠ ಓದುವಾಗ ಪಕ್ಕದಲ್ಲೇ ಕೂತು ತಾನೂ ಓದಿ ಪಿಯುಸಿ ಮುಗಿಸಿದಳು, ದೂರಶಿಕ್ಷಣದಲ್ಲಿ ಪದವಿ ಪಡೆದಳು, ಬೆರಳಿನ ಸಂದು ನೋಯುವಂತೆ ಕುಟ್ಟಿ ಟೈಪಿಂಗ್ ಪರೀಕ್ಷೆಯನ್ನೂ ಪಾಸು ಮಾಡಿದಳು. ಆದರೆ ಇಲ್ಲಿ ಬಡ್ತಿಯ ಸಾಲು ಹನುಮಂತನ ಬಾಲದಷ್ಟು ಉದ್ದ. ಅವಳ ಸರದಿ ಬರುವಷ್ಟರಲ್ಲಿ ನಿವೃತ್ತಿಯೇ ಬಂದುಬಿಡುತ್ತಿತ್ತು.

ಹಾಗಿರುವಾಗ ಒಂದು ಬೆಳಿಗ್ಗೆ ಅತ್ತೆ ಅವಳ ಮುಂದೆ ಪತ್ರಿಕೆ ಹರಡಿದರು. ಮುದುಕಿಗೆ ಕನ್ನಡಕ ಹಾಕಿಕೊಂಡು ಜಾಹೀರಾತುಗಳನ್ನೂ ಬಿಡದೆ ಓದುವ ಚಟ.

"ನೋಡೇ, ನೀರು ಸರಬರಾಜು ಮಂಡಳೀಲಿ ಕಿರಿಯ ಸಹಾಯಕರು ಬೇಕಂತೆ. ಪದವಿ, ಟೈಪಿಂಗು. ನಿನ್ನ ನೋಡ್ಕೊಂಡೇ ಬರೆದಂಗಿದೆ."

"ವಯಸ್ಸೆಷ್ಟು ಅಂತ ನೋಡಿ ಅತ್ತೆ."

"ಅದೂ ಆಗುತ್ತೆ. ಸೇವೆಯಲ್ಲಿರೋರಿಗೆ ಸಡಿಲಿಕೆ ಇದೆ ಅಂತ ಕೆಳಗೆ ಇರುವೆ ಗಾತ್ರದಲ್ಲಿ ಬರ್ದಿದ್ದಾರೆ."

ಅದೇ ಇರುವೆಗಾತ್ರದ ಅಕ್ಷರಗಳಲ್ಲಿ ಇನ್ನೂ ಒಂದು ಮಾತಿತ್ತು. ಬೇರೆ ಸರ್ಕಾರಿ ಕಚೇರಿಗಳಲ್ಲಿ ಕೆಲಸ ಮಾಡುತ್ತಿರುವವರು ತಮ್ಮ ಕಚೇರಿ ಮುಖ್ಯಸ್ಥರ ಮುಖಾಂತರವೇ ಅರ್ಜಿ ಸಲ್ಲಿಸಬೇಕು, ಬೇಕಿದ್ದರೆ ಮುಂಗಡ ಪ್ರತಿಯೊಂದನ್ನು ನೇರವಾಗಿ ಕಳುಹಿಸಬಹುದು.

ನಮೂನೆ ತುಂಬುವುದು ಕಷ್ಟವಾಗಲಿಲ್ಲ. ದಾಖಲೆಗಳ ನಕಲುಗಳಿಗೆ ದೃಢೀಕರಣದ ಸಹಿ ಹಾಕಿಸುವುದೇ ದೊಡ್ಡ ತಾಪತ್ರಯವಾಯಿತು. ಅವಳ ಕಚೇರಿಯ ಸಾಹೇಬರು ತರಬೇತಿಗೆಂದು ಹೊರಗೆ ಹೋಗಿದ್ದರು. ಸರ್ಕಾರಿ ಆಸ್ಪತ್ರೆಯ ವೈದ್ಯರ ಬಳಿ ಹೋದಳು. ರೋಗಿಗಳೆಲ್ಲ ಮುಗಿಯುವ ತನಕ ಬೆಂಚಿನ ಮೇಲೆ ಕಾದಳು. ಅವರು ಒಂದೊಂದು ನಕಲನ್ನೂ ಅಸಲಿನ ಪಕ್ಕದಲ್ಲಿಟ್ಟು ನೋಡಿ ಸಹಿ ಹಾಕಿದರು. ಆದರೆ ಮೊಹರು ಬೀರುವಿನಲ್ಲಿತ್ತು, ಬೀರುವಿನ ಕೀಲಿ ಗುಮಾಸ್ತನ ಜೇಬಿನಲ್ಲಿತ್ತು, ಗುಮಾಸ್ತ ಮದುವೆಗೆ ಹೋಗಿದ್ದ.

"ಸಹಿ ಇದ್ರೆ ಸಾಲಲ್ವಾ ಡಾಕ್ಟ್ರೇ?"

"ಮೊಹರಿಲ್ದೆ ನನ್ನ ಸಹಿ ಯಾರಿಗಮ್ಮ ಗೊತ್ತಾಗುತ್ತೆ? ಔಷಧಿ ಅಂಗಡಿಯೋರಿಗೇ ಗೊತ್ತಾಗಲ್ಲ."

ಅವಳಿಗೆ ನಗುವೂ ಬಂತು, ಅಳುವೂ ಬಂತು. ಇನ್ನೊಂದು ದಿನ ರಜೆ ಹಾಕಿ ಹೋಗಿ ಮೊಹರು ಒತ್ತಿಸಿಕೊಂಡು ಬಂದಳು.

ಕೋರಿಕೆ ಪತ್ರವನ್ನು ಬೆರಳಚ್ಚು ಅಂಗಡಿಯವನ ಕೈಗೆ ಕೊಟ್ಟರೆ ಅವನು 'ತಮ್ಮ ಪಾದಾರವಿಂದಗಳಲ್ಲಿ ಬೇಡಿಕೊಳ್ಳುವುದೇನೆಂದರೆ' ಎಂದು ಶುರುಮಾಡಿದ. "ಪಾದ ಹಿಡಿಯೋಕಲ್ಲಪ್ಪ, ಕೆಲಸ ಕೇಳೋಕೆ ಹೋಗ್ತಿರೋದು" ಎಂದು ಅವನನ್ನು ತಡೆದು, ತಾನೇ ಮನೆಯಲ್ಲಿ ಬರೆದಳು. ಇವರಿಂದ, ಇವರಿಗೆ, ಮಾನ್ಯರೇ. ವಿಷಯ: ಕಿರಿಯ ಸಹಾಯಕ ಹುದ್ದೆಗೆ ಅರ್ಜಿ. ಉಲ್ಲೇಖದಲ್ಲಿ ಪ್ರಕಟಣೆಯ ಸಂಖ್ಯೆ ಮತ್ತು ದಿನಾಂಕ. ಕೆಳಗೆ ತನ್ನ ಓದು, ಟೈಪಿಂಗು, ಸೇವೆ, ಎಲ್ಲ ನಾಲ್ಕು ಮಾತಿನಲ್ಲಿ. ಕೊನೆಗೆ ಲಗತ್ತುಗಳ ಪಟ್ಟಿ. 'ಟಪಾಲು ವಿಂಗಡಣೆ ಮತ್ತು ಕಡತಗಳ ಓಡಾಟದ ಅನುಭವವಿದೆ' ಎಂಬ ಸಾಲನ್ನು ಬರೆದು, ಹೊಡೆದು, ಮತ್ತೆ ಬರೆದಳು. ಮಗಳು ಓದಿ, "ಚೆನ್ನಾಗಿದೆ ಅಮ್ಮ, ನೀನು ಅಂತ ಗೊತ್ತಾಗುತ್ತೆ" ಅಂದಳು.

ಮರುದಿನ ಇಡೀ ಕಟ್ಟನ್ನು ಸೂಪರಿಂಟೆಂಡೆಂಟರ ಮೇಜಿನ ಮೇಲಿಟ್ಟಳು. ಒಳ್ಳೆಯ ಮಾತಿನ ಮನುಷ್ಯ ಆತ. ಬೈಯುವವನಲ್ಲ. ಯಾರಿಗೂ ಇಲ್ಲ ಎನ್ನುತ್ತಿರಲಿಲ್ಲ, ಯಾರ ಕೆಲಸವನ್ನೂ ಮಾಡುತ್ತಿರಲಿಲ್ಲ.

"ಭೇಷ್ ಬೆಲ್ಲಮ್ಮ! ನೋಡೋಣ, ನೋಡೋಣ. ಇಲ್ಲಿಟ್ಟಿರಿ."

ಒಂದು ವಾರದ ನಂತರ ಕೇಳಿದಾಗ, "ಪತ್ರ ನೇರವಾಗಿ ಮಂಡಳಿಗೆ ಬರ್ದಿದ್ದೀರಲ್ಲ? 'ಮೇಲಧಿಕಾರಿಗಳ ಮುಖಾಂತರ' ಅಂತ ಮಧ್ಯದಲ್ಲಿ ಹಾಕಬೇಕಮ್ಮ" ಎಂದರು. ನಿಜ, ತಪ್ಪು ಅವಳದೇ. ಅಂದೇ ಹೊಸದಾಗಿ ಬರೆದು ಕೊಟ್ಟಳು. ಆಮೇಲೆ, ಇಲಾಖಾ ವಿಚಾರಣೆ ಬಾಕಿಯಿಲ್ಲ ಅಂತ ಸಿಬ್ಬಂದಿ ಶಾಖೆಯಿಂದ ಬರಬೇಕು ಎಂದರು. ಅವಳೇ ಹೋಗಿ ಆ ಚೀಟಿ ತಂದಳು. ಆಮೇಲೆ, ಸಾಹೇಬರು ಬರಲಿ ಎಂದರು. ಸಾಹೇಬರು ಬಂದರು. ಸಾಹೇಬರು ಈಗಷ್ಟೇ ಬಂದಿದ್ದಾರೆ, ಸುಧಾರಿಸಿಕೊಳ್ಳಲಿ ಎಂದರು.

ಅವಳ ಸಂಕಟ ಬೇರೆಯವರಿಗೆ ಅರ್ಥವಾಗುವಂಥದ್ದಲ್ಲ. ಕಚೇರಿಯ ಪ್ರತಿಯೊಂದು ಕಡತವನ್ನೂ ಒಂದು ಮೇಜಿನಿಂದ ಇನ್ನೊಂದಕ್ಕೆ ಹೊತ್ತು ನಡೆಯುವವಳು ಅವಳೇ. ಊರವರ ಅರ್ಜಿಗಳೆಲ್ಲ ಅವಳ ಕೈಯಲ್ಲೇ ಸಾಹೇಬರ ಕೋಣೆಗೆ ಹೋಗುತ್ತಿದ್ದವು. ತನ್ನದು ಮಾತ್ರ ಕಣ್ಣೆದುರೇ, ಸೂಪರಿಂಟೆಂಡೆಂಟರ ಊಟದ ಡಬ್ಬಿಯ ಕೆಳಗೆ ಬಿದ್ದಿತ್ತು. ಎತ್ತಿಕೊಂಡು ಹೋಗಿ ಇಟ್ಟುಬಿಡಲೇ ಎಂದು ಎಷ್ಟೋ ಸಲ ಅನ್ನಿಸಿತು. ಟಿಪ್ಪಣಿಯಿಲ್ಲದೆ ಕಡತ ಮೇಲೆ ಹೋದರೆ ಅದೇ ಒಂದು ತಪ್ಪಾಗುತ್ತದೆ ಎಂದು ಹೆದರಿ ಕೈ ಹಿಂದೆಗೆದಳು.

"ಸಾರ್, ಮುಂಗಡ ಪ್ರತಿ ಅಂತ ಒಂದು ನಾನೇ ಅಂಚೆಗೆ ಹಾಕ್ಲಾ? ಪ್ರಕಟಣೇಲಿ ಹಾಗೆ ಕೊಟ್ಟಿದ್ದಾರೆ" ಎಂದು ಕೇಳಿದಳು.

ಅವರು ಕನ್ನಡಕದ ಮೇಲಿಂದ ನೋಡಿದರು. "ಅಯ್ಯೋ, ಆ ಕೆಲಸ ಮಾತ್ರ ಮಾಡಬೇಡಿ. ನಮ್ಮನ್ನ ಬಿಟ್ಟು ನೇರವಾಗಿ ಬರೆದ್ರೆ ಶಿಸ್ತುಕ್ರಮ ಆಗುತ್ತೆ. ಇರೋ ಕೆಲಸಕ್ಕೂ ಸಂಚಕಾರ. ನಾನಿದ್ದೀನಲ್ಲ, ಸುಮ್ನಿರಿ."

ಅವಳು ನಂಬಿದಳು. ನಂಬದೆ ಏನು ಮಾಡಿಯಾಳು? ಆ ಸಂಬಳವೇ ಮನೆಗೆ ಆಧಾರ.

ಕೊನೆಯ ದಿನಾಂಕ ಕಳೆದ ಮೇಲೆ ಒಂದು ಮಧ್ಯಾಹ್ನ ಬೆಲ್ಲಾಯಿತು. ಸಾಹೇಬರು ಸಹಿ ಮಾಡಿದ್ದ ಕಡತಗಳ ಮೇಲೆ ಅವಳದೇ ಇತ್ತು. ಅವಳೇ ಅದನ್ನು ಪತ್ರ ರವಾನಿಸುವ ಜಾವಕ ಶಾಖೆಗೆ ಒಯ್ದಳು. ತಡವಾಗಿದೆ ಎಂದು ಗೊತ್ತಿದ್ದೂ, ಕಚೇರಿಯ ಪತ್ರ ಜೊತೆಗಿದೆಯಲ್ಲ, ತಗೊಂಡಾರು ಎಂದು ಆಸೆಪಟ್ಟಳು. ಕೆಲವು ದಿನಗಳ ಬಳಿಕ ಬೆಳಗಿನ ಟಪಾಲು ಒಡೆಯುವಾಗ ಒಂದು ದಪ್ಪ ಲಕೋಟೆಯೊಳಗಿಂದ ತನ್ನದೇ ಅಕ್ಷರ ಹೊರಬಂತು. ನಮೂನೆ, ನಕಲುಗಳು, ಡಾಕ್ಟರ ಮೊಹರು, ಎಲ್ಲ ಹೋದ ಹಾಗೇ ವಾಪಸು. ಮೇಲೊಂದು ಕೆಂಪು ಮುದ್ರೆ: 'ಕೊನೆಯ ದಿನಾಂಕದ ನಂತರ ಸ್ವೀಕೃತ. ಹಿಂದಿರುಗಿಸಲಾಗಿದೆ.'

ಆ ದಿನ ಅರ್ಧ ದಿನದ ರಜೆ ಹಾಕಿ ಮಂಡಳಿಯ ಕಚೇರಿಗೆ ಹೋದಳು. ಅಲ್ಲಿ ಬಂದ ಪತ್ರಗಳನ್ನು ತೆಗೆದುಕೊಳ್ಳುವ ಆವಕ ಶಾಖೆಯ ಹುಡುಗಿ ಸಮಾಧಾನದಿಂದಲೇ ಕೇಳಿಸಿಕೊಂಡಳು.

"ನೀವು ಒಂದು ಮುಂಗಡ ಪ್ರತಿ ಹಾಕಿದ್ರೆ ಸಾಕಿತ್ತು ಅಕ್ಕ. ಅದನ್ನ ದಿನಾಂಕದೊಳಗೆ ತಗೊಂಡಿರ್ತಿದ್ವಿ. ನಿಮ್ಮ ಆಫೀಸಿಂದು ಆಮೇಲೆ ಬಂದ್ರೂ ನಡೀತಿತ್ತು. ಎಷ್ಟೋ ಜನ ಹಾಗೇ ಕಳಿಸಿದ್ದಾರೆ."

"ಶಿಸ್ತುಕ್ರಮ ಆಗುತ್ತೆ ಅಂದ್ರಲ್ಲ..."

"ಯಾರಂದ್ರು?"

ಬೆಲ್ಲಮ್ಮ ಲಕೋಟೆಯನ್ನು ಚೀಲಕ್ಕೆ ತುರುಕಿಕೊಂಡು ಹೊರಟಳು. ಬಸ್ಸಿನಲ್ಲಿ ಸೀಟು ಸಿಕ್ಕಿದರೂ ಕೂರಲಿಲ್ಲ, ಕಂಬಿ ಹಿಡಿದು ನಿಂತೇ ಬಂದಳು. ಕೂತರೆ ಅಳು ಬರುತ್ತದೆಂಬ ಭಯ.

ಮಾರನೆಯ ದಿನ ಕಚೇರಿ ತುಂಬಿದ್ದಾಗ ಆ ಲಕೋಟೆಯನ್ನು ಸೂಪರಿಂಟೆಂಡೆಂಟರ ಮುಂದೆ ಇಟ್ಟಳು. ಯಾವತ್ತೂ ಧ್ವನಿ ಏರಿಸಿದವಳಲ್ಲ. ಅಂದೂ ಏರಿಸಲಿಲ್ಲ, ಆದರೆ ಟೈಪು ಮಾಡುತ್ತಿದ್ದವರೆಲ್ಲ ಕೈ ನಿಲ್ಲಿಸಿದರು.

"ಸಾರ್, ಕಳಿಸೋಕೆ ಇಷ್ಟ ಇಲ್ಲ ಅಂದಿದ್ರೆ ನಾನು ಬೇರೆ ದಾರಿ ನೋಡ್ಕೊಳ್ತಿದ್ದೆ. ಸುಳ್ಳು ಯಾಕೆ ಹೇಳಿದ್ರಿ?"

ಅವರು ಮೊದಲು ನಕ್ಕರು. ಆಮೇಲೆ ಸುತ್ತ ನೋಡಿದರು. "ಸುಳ್ಳೇನಮ್ಮ... ನಿಮ್ಮಂಥೋರು ಹೋಗ್ಬಿಟ್ರೆ ಈ ಆಫೀಸು ನಡಿಯೋದು ಹೇಗೆ? ಯಾವ ಕಡತ ಎಲ್ಲಿದೆ ಅಂತ ನಿಮ್ಮನ್ನ ಬಿಟ್ರೆ ಇನ್ಯಾರಿಗೆ ಗೊತ್ತು? ಅಭಿಮಾನದಿಂದಾನೇ..."

ಬೈದಿದ್ದರೆ ತಡೆದುಕೊಳ್ಳುತ್ತಿದ್ದಳೇನೋ. ಈ ಹೊಗಳಿಕೆ ಉರಿಯುವ ಗಾಯಕ್ಕೆ ಉಪ್ಪು ಸವರಿದಂತಾಯಿತು. "ನಾನು ಚೆನ್ನಾಗಿ ಕೆಲಸ ಮಾಡ್ತೀನಿ ಅಂತ ನನ್ನ ಇಲ್ಲೇ ಕಟ್ಟಿಹಾಕಿದ್ರಾ? ಹಾಗಾದ್ರೆ ಕೆಟ್ಟದಾಗಿ ಮಾಡಿದ್ರೆ ಬಿಡ್ತಿದ್ರಾ?" ಎಂದಳು. ಅವಳು ಲಕೋಟೆ ಎತ್ತಿಕೊಂಡು, ಬೆಲ್ಲಾಗದಿದ್ದರೂ, ಸಾಹೇಬರ ಕೋಣೆಗೆ ಹೋದಳು.

ಸಾಹೇಬರು ತಮಗೆ ಕಡತ ಬಂದದ್ದೇ ತಡವಾಗಿ ಎಂದು ಪೇಚಾಡಿಕೊಂಡರು. ವಿಳಂಬ ನಮ್ಮ ಕಚೇರಿಯದು, ಅರ್ಜಿದಾರರದಲ್ಲ ಎಂದು ಮಂಡಳಿಗೆ ಬರೆದರು. ಸೂಪರಿಂಟೆಂಡೆಂಟರಿಗೆ ಕಾರಣ ಕೇಳಿ ಒಂದು ಜ್ಞಾಪನ ಹೋಯಿತು. ಮಂಡಳಿಯಿಂದ ಎರಡೇ ಸಾಲಿನ ಉತ್ತರ: ಪರಿಗಣಿಸಲು ಅವಕಾಶವಿಲ್ಲ. ಅಲ್ಲಿಗೆ ಆ ವರ್ಷದ ಕತೆ ಮುಗಿಯಿತು.

ಅವಳು ಬಹಳ ದಿನ ಸಿಡಿಮಿಡಿಗೊಂಡೇ ಇದ್ದಳು. ಪಾತ್ರೆ ತೊಳೆಯುವ ಸದ್ದಿಗೆ ಮಗಳು ಬೆಚ್ಚುತ್ತಿದ್ದಳು. ಒಂದು ಸಂಜೆ ಅತ್ತೆ ತಾಳಲಾರದೆ, "ಪಾತ್ರೆ ಏನೇ ಮಾಡಿತ್ತು ನಿನಗೆ? ಆ ಸೂಪರಿಂಟೆಂಡೆಂಟನ್ನ ಕರ್ಕೊಂಡು ಬಾ, ಸಿಂಕಿಗೆ ಹಾಕಿ ನಾನೇ ತಿಕ್ತೀನಿ" ಎಂದರು. ಅವಳಿಗೆ ನಗು ತಡೆಯಲಾಗಲಿಲ್ಲ. ನಕ್ಕವಳೇ ಅಲ್ಲೇ ನೆಲದ ಮೇಲೆ ಕೂತು, ಅಷ್ಟು ದಿನ ಹಿಡಿದಿಟ್ಟಿದ್ದ ಅಳುವನ್ನೆಲ್ಲ ಅತ್ತುಬಿಟ್ಟಳು.

ಮರುವರ್ಷ ಇನ್ನೊಂದು ಸಂಸ್ಥೆಯ ಪ್ರಕಟಣೆ ಬಂತು. ವಯಸ್ಸಿನ ಮಿತಿ ಇನ್ನೇನು ಮುಗಿಯುವುದರಲ್ಲಿತ್ತು. ಹೊಸ ನಕಲುಗಳು, ಮತ್ತೆ ಆಸ್ಪತ್ರೆಯ ಬೆಂಚು, ಮತ್ತೆ 'ಮಾನ್ಯರೇ'. ಈ ಸಲ ಕಟ್ಟನ್ನು ಮೇಜಿನ ಮೇಲೆ ಸುಮ್ಮನೆ ಇಡಲಿಲ್ಲ. ಆವಕ ಶಾಖೆಯಲ್ಲಿ ಕೊಟ್ಟು ತನ್ನ ಪ್ರತಿಯ ಮೇಲೆ ಸಂಖ್ಯೆ, ದಿನಾಂಕ, ಮೊಹರು ಹಾಕಿಸಿಕೊಂಡಳು. ಮುಂಗಡ ಪ್ರತಿಯನ್ನು ಊಟದ ಬಿಡುವಿನಲ್ಲೇ ಅಂಚೆ ಕಚೇರಿಗೆ ಹೋಗಿ ರಿಜಿಸ್ಟರ್ಡ್ ಅಂಚೆಯಲ್ಲಿ ಕಳಿಸಿದಳು. ಸೂಪರಿಂಟೆಂಡೆಂಟರು ಆ ಬಾರಿ ಮೂರನೆಯ ದಿನಕ್ಕೇ ಟಿಪ್ಪಣಿ ಬರೆದು ಮೇಲೆ ಕಳಿಸಿದರು. ಅವಳ ಮುಖ ಮಾತ್ರ ನೋಡಲಿಲ್ಲ.

ಪ್ರವೇಶಪತ್ರ ಬಂತು, ಪರೀಕ್ಷೆ ಬರೆದಳು. ತನಗಿಂತ ಎಷ್ಟೋ ಚಿಕ್ಕವರ ನಡುವೆ ಕೂತು, ಕೊನೆಯ ಗಂಟೆಯವರೆಗೂ ಬಿಡದೆ ಬರೆದಳು. ಫಲಿತಾಂಶದಲ್ಲಿ ಅವಳ ಹೆಸರು ಕಾಯುವ ಪಟ್ಟಿಯಲ್ಲಿತ್ತು. ಮೇಲಿನವರು ಯಾರಾದರೂ ಬೇಡವೆಂದರೆ ಅವಳಿಗೆ ಸಿಗುತ್ತದೆ, ಇಲ್ಲದಿದ್ದರೆ ಇಲ್ಲ. ಅತ್ತೆ, "ದೇವ್ರು ಯಾರಿಗಾದ್ರೂ ಇನ್ನೂ ದೊಡ್ಡ ಕೆಲಸ ಕೊಡ್ಲಪ್ಪ" ಎಂದು ಗೊತ್ತಿಲ್ಲದವರಿಗೆಲ್ಲ ಹರಕೆ ಹೊತ್ತರು.

ಅವಳು ಈಗಲೂ ಅಲ್ಲೇ ಇದ್ದಾಳೆ. ಬೆಲ್ಲು ಬಾರಿಸಿದರೆ ಏಳುತ್ತಾಳೆ, ಓಡುವುದನ್ನು ಮಾತ್ರ ಬಿಟ್ಟಿದ್ದಾಳೆ. ಸಿಟ್ಟು ಪೂರ್ತಿ ಆರಿಲ್ಲ. ಆರಬೇಕೆಂಬ ಆಸೆಯೂ ಅವಳಿಗಿಲ್ಲ.