ನಾನು ಹಂಚಿದ ಸ್ಟಾರ್‌ಗಳು

ತಿಪಟೂರಿನ ಬಸ್ ಸ್ಟ್ಯಾಂಡ್ ಹತ್ತಿರ ನನ್ನದೊಂದು ಜೆರಾಕ್ಸ್, ಟೈಪಿಂಗ್ ಅಂಗಡಿಯಿತ್ತು. ಬಯೋಡೇಟಾ ಬೇಕೆಂದು ಬಂದವರಿಗೆಲ್ಲ ಒಂದೇ ಫೈಲು. ಹೆಸರು, ವಿಳಾಸ, ಓದು ಬದಲಾಯಿಸಿದರೆ ಮುಗಿಯಿತು. ಕೆಳಗಿನ ‘ಸ್ಕಿಲ್ಸ್’ ಭಾಗಕ್ಕೆ ಕೈಯೇ ಹಚ್ಚುತ್ತಿರಲಿಲ್ಲ. ಎಕ್ಸೆಲ್, ಇಂಗ್ಲಿಷ್, ಹಿಂದಿ, ಎಲ್ಲದರ ಮುಂದೆಯೂ ಐದೈದು ಸ್ಟಾರ್. ಹಾಲ್ಕುರಿಕೆಯವರಿಗೂ ಅಷ್ಟೇ, ಅರಳಗುಪ್ಪೆಯವರಿಗೂ ಅಷ್ಟೇ. ಪುಕ್ಕಟೆ ಕೊಡುವುದರಲ್ಲಿ ಜಿಪುಣತನ ಯಾಕೆ ಎಂದುಕೊಂಡಿದ್ದೆ. ಈಗ ನೆನೆಸಿಕೊಂಡರೆ ನಗುವೂ ಬರುತ್ತದೆ, ನಾಚಿಕೆಯೂ ಆಗುತ್ತದೆ.

ಒಂದು ಮಧ್ಯಾಹ್ನ ಹೊನ್ನವಳ್ಳಿ ಕಡೆಯ ಹೆಣ್ಣುಮಗಳೊಬ್ಬಳು ಬಂದು, ವಾರದ ಹಿಂದೆ ನಾನೇ ಮಾಡಿಕೊಟ್ಟಿದ್ದ ಬಯೋಡೇಟಾವನ್ನು ಕೌಂಟರಿನ ಮೇಲಿಟ್ಟಳು. ಮೂವತ್ತರ ಆಸುಪಾಸಿನವಳು. ಆರು ವರ್ಷದಿಂದ ಕೊಬ್ಬರಿ ಮಂಡಿಯೊಂದರಲ್ಲಿ ಸ್ಟಾಕ್ ಬರೆಯುವ ಕೆಲಸ. ಆ ತಿಂಗಳ ಕೊನೆಗೆ ಮಂಡಿ ಮುಚ್ಚುವುದಿತ್ತು, ಇವಳ ಸಂಬಳವೂ ನಿಲ್ಲುವುದಿತ್ತು.

“ಈ ಸ್ಟಾರ್ ಯಾರಣ್ಣ ಕೊಟ್ಟಿದ್ದು ನಂಗೆ?” ಎಂದಳು. ಬೆಳಿಗ್ಗೆ ಒಂದು ಎಣ್ಣೆ ಮಿಲ್ಲಿನ ಇಂಟರ್‌ವ್ಯೂಗೆ ಹೋಗಿದ್ದಳಂತೆ. “ಎಕ್ಸೆಲ್ ಐದಕ್ಕೆ ಐದಾ, ಹಂಗಾದ್ರೆ ಈ ಲಿಸ್ಟಿಗೊಂದು ಪಿವಟ್ ಟೇಬಲ್ ಮಾಡಿ ಅಂದ್ರು. ನಾನು ಅದರ ಹೆಸ್ರೇ ಕೇಳಿರ್ಲಿಲ್ಲ. ಆಮೇಲೆ ನಿಜ್ವಾಗ್ಲೂ ಬರೋದನ್ನ ಹೇಳುದ್ರೂ ನಂಬಲಿಲ್ಲ.”

ನನಗೆ ಮೂಗಿನ ತುದಿಯಲ್ಲೇ ಕೋಪ. “ಎಲ್ರೂ ಹಂಗೇ ಹಾಕಿಸ್ಕೊಂಡು ಹೋಗ್ತಾರೆ ಕಣಮ್ಮ” ಎಂದು ಗದರಿದೆ.

“ಎಲ್ರೂ ಹಿಂಗೇ ತಲೆ ತಗ್ಗುಸ್ಕೊಂಡು ಬತ್ತಾರಾ?”

ಅವಳ ಫೈಲನ್ನು ಮತ್ತೆ ತೆರೆದೆ. ಮೂರು ದಿನ ಬಿಟ್ಟು ಅವಳಿಗೆ ತೆಂಗಿನಕಾಯಿ ಪುಡಿ ಫ್ಯಾಕ್ಟರಿಯ ಸ್ಟೋರಿಗೆ ಇನ್ನೊಂದು ಇಂಟರ್‌ವ್ಯೂ ಇತ್ತು. ಸ್ಟೂಲು ಎಳೆದು ಕೂರಿಸಿ, ಸ್ಟಾರ್‌ಗಳನ್ನೆಲ್ಲ ಅಳಿಸಿದೆ. ಆ ಜಾಗಕ್ಕೆ ಏನು ಹಾಕುವುದು? ‘ಉತ್ತಮ’, ‘ಸಾಧಾರಣ’ ಎಂದು ಬರೆದರೂ ಅದೇ ಕಥೆ. ಸುಮ್ಮನೆ ಕೇಳಿದೆ, “ಕೊಬ್ಬರಿ ಆಗ್ಲಿ ಅಂತ ಅಟ್ಟದ ಮೇಲಿಟ್ಟ ಕಾಯಿ ಅಲ್ಲಾಡಿಸಿ ನೋಡಿ ನೀವು ರೈತರಿಗೆ ಏನಂತ ಹೇಳ್ತೀರಿ?”

“ಒಳಗೆ ಗಡಗಡ ಅಂದ್ರೆ ಒಡೀರಿ ಅಂತೀವಿ. ಅನ್ನದಿದ್ರೆ ಇನ್ನೊಂದು ತಿಂಗ್ಳು ಬುಡಿ ಅಂತೀವಿ.”

ಹಾಗಾದರೆ ಇಲ್ಲೂ ಹಾಗೇ ಹೇಳೋಣ ಎಂದೆ. ಯಾವುದನ್ನು ಒಬ್ಬಳೇ ಮಾಡುತ್ತಾಳೆ, ಯಾವುದಕ್ಕೆ ಪಕ್ಕದಲ್ಲಿ ಯಾರಾದರೂ ಇರಬೇಕು, ಯಾವುದನ್ನು ಬೇರೆಯವರಿಗೆ ಕಲಿಸಿದ್ದಾಳೆ ಎಂದು ಒಂದೊಂದನ್ನೇ ಕೆದಕಿದೆ. ಎಕ್ಸೆಲ್‌ನಲ್ಲಿ ದಿನದ ಸ್ಟಾಕ್ ಹಾಕಿ ಮೊತ್ತ ತೆಗೆಯುವುದು, ಫಿಲ್ಟರ್ ಹಾಕುವುದು ಒಬ್ಬಳೇ. ಒಂದು ಶೀಟಿನ ವಿವರವನ್ನು ಇನ್ನೊಂದಕ್ಕೆ ಎಳೆದು ತರುವ ವಿ-ಲುಕಪ್ ಯಾರಾದರೂ ಪಕ್ಕದಲ್ಲಿದ್ದರೆ. ಪಿವಟ್ ಬರೆಯಲೇ ಇಲ್ಲ. ಇಂಗ್ಲಿಷ್ ಬಿಲ್ಲು, ಪತ್ರ ಓದುತ್ತಾಳೆ, ಮಾತು ತಡವರಿಸುತ್ತದೆ. ಹಿಂದಿಯನ್ನು ತೆಗೆದುಬಿಡಿ ಎಂದಳು. ಕೇಳಿದರೆ, ಉತ್ತರದ ವ್ಯಾಪಾರಿಗಳ ಜೊತೆ ಲಾರಿ, ಚೀಲದ ವಿಷಯ ದಿನಾ ಫೋನಿನಲ್ಲಿ ಮಾತಾಡುವವಳು ಇವಳೇ! ‘ಓದು, ಬರಹ ಇಲ್ಲ, ಫೋನಿನಲ್ಲಿ ಲೋಡಿನ ಮಾತು ಒಬ್ಬಳೇ’ ಎಂದು ಹಿಂದಿಯ ಮುಂದೆ ಇಂಗ್ಲಿಷಿನಲ್ಲಿ ಬರೆದೆ. ಕೊಬ್ಬರಿ ವಿಂಗಡಣೆ, ಇಬ್ಬರಿಗೆ ಕಲಿಸಿದ್ದಾಳೆ.

ಹಾಳೆ ಬಡವಾಗಿ ಕಂಡಿತು. ಅವಳಿಗೂ ಭಯ. “ಇಷ್ಟೇನಾ ನಾನು?” ಎಂದಳು. ಕೆಲಸ ಸಿಗದಿದ್ದರೆ ಈ ಸಲವೂ ತಪ್ಪು ನನ್ನ ತಲೆಗೇ ಎಂದು ನನಗೂ ಅಳುಕು.

ನಾಲ್ಕನೇ ದಿನ ಬಂದಳು. ಮ್ಯಾನೇಜರು ಒಂದೊಂದೇ ಸಾಲಿನ ಮೇಲೆ ಬೆರಳಿಟ್ಟು ಕೇಳಿದರಂತೆ. ಸ್ಟಾಕ್ ಶೀಟ್ ಮಾಡಿಸಿದರಂತೆ, ಉತ್ತರದ ಒಬ್ಬ ವ್ಯಾಪಾರಿಗೆ ಫೋನ್ ಹಚ್ಚಿ ಕೈಗೆ ಕೊಟ್ಟರಂತೆ. ಕೊನೆಗೆ ಪಿವಟ್ ಮಾತೂ ಬಂತಂತೆ. “ಬರಲ್ಲ ಸಾರ್, ಅದುಕ್ಕೇ ಬರೆದಿಲ್ಲ ಅಂದೆ. ನಕ್ಕುಬುಟ್ರು. ಸೋಮವಾರದಿಂದ ಬಾ ಅಂದವ್ರೆ ಕಣಣ್ಣ.” ಅವಳಿಗಿಂತ ಹೆಚ್ಚು ಖುಷಿ ನನಗಾಯಿತು. ಅಂದಿನಿಂದ ಹಳೆಯ ಫೈಲು ಬಳಸಲಿಲ್ಲ. ಬಯೋಡೇಟಾಗೆ ಬಂದವರನ್ನು ಸ್ಟೂಲಿನ ಮೇಲೆ ಕೂರಿಸಿ ತನಿಖೆ ಶುರು. ಎಷ್ಟೋ ಜನ ಬೈದುಕೊಂಡು ಪಕ್ಕದ ಅಂಗಡಿಗೆ ಹೋದರು.

ವರ್ಷ ಕಳೆದ ಮೇಲೆ ಒಂದು ಭಾನುವಾರ ಅದೇ ಹಾಳೆ ಹಿಡಿದು ಮತ್ತೆ ಬಂದಳು. ವಿ-ಲುಕಪ್ ಅನ್ನು ‘ಒಬ್ಬಳೇ’ ಸಾಲಿಗೆ ಹಾಕಿಕೊಡಿ ಎಂದಳು. ನಾನೇನು ಸುಮ್ಮನೆ ಬಿಡುತ್ತೇನೆಯೇ? “ಹುಡುಕೋ ಹೆಸರು ಎಡಗಡೆಯ ಮೊದಲ ಕಾಲಂನಲ್ಲಿ ಇಲ್ದಿದ್ರೆ?”

“ಬರಲ್ಲ. ಆ ಕಾಲಂ ಎತ್ತಿ ಎಡಗಡೆಗೆ ಹಾಕ್ಬೇಕು. ಫಾರ್ಮುಲಾ ಕೊನೇಲಿ ‘ಫಾಲ್ಸ್’ ಅಂತ ಹಾಕೋದು ಮರೆತ್ರೆ ಯಾರ್ದೋ ವಿವರ ತಂದು ಯಾರಿಗೋ ಕೂರಿಸ್ತದೆ.”

ಬದಲಾಯಿಸಿದೆ. “ಬೇರೆ ಕಡೆ ಕೆಲಸ ನೋಡ್ತಿದೀರಾ?” ಎಂದೆ.

“ಇಲ್ಲಣ್ಣ, ಇಲ್ಲೇ ಚೆನ್ನಾಗೈತೆ.”

“ಮತ್ತೆ ಯಾರಿಗೂ ತೋರಿಸದ ಕಾಗದ ತಿದ್ದಿಸೋದು ಯಾಕಮ್ಮ?”

“ಬರೋದನ್ನ ಬರಲ್ಲ ಅಂತ ಬರ್ದಿರೋದೂ ಸುಳ್ಳೇ ಅಲ್ವಾ?” ಎಂದು ಹೊಸ ಹಾಳೆಯನ್ನು ಮಡಿಸಿ ಬ್ಯಾಗಿಗೆ ಹಾಕಿಕೊಂಡು ಬಸ್ಸಿಗೆ ನಡೆದಳು.

ಈಗ ಆ ಅಂಗಡಿಯಿಲ್ಲ. ಅವಳು ಬಿಟ್ಟುಹೋದ ಹಳೆಯ ಹಾಳೆ ಮಾತ್ರ ನನ್ನ ಹತ್ತಿರವಿದೆ.